50 ಮತ್ತು 60 ಡಿಗ್ರಿಯ ನಡುವೆ: ಎಳೆಗೂಸಿನ ಸೊಂಟಕ್ಕೆ ಕಾಯಬೇಕೇ, ಬ್ರೇಸ್ ಹಾಕಬೇಕೇ?

ಆರು ವಾರದ ಮಗುವಿನ ಸೊಂಟದ ಸ್ಕ್ಯಾನ್ ವರದಿ ಕೈಗೆ ಬರುತ್ತದೆ. ಎಡಗಡೆ ಆಲ್ಫಾ ಕೋನ 54 ಡಿಗ್ರಿ, ಕವರೇಜ್ 44 ಪರ್ಸೆಂಟ್ ಎಂದು ಬರೆದಿರುತ್ತದೆ. ಕೆಳಗೆ ‘ಟೈಪ್ 2ಎ’ ಎಂಬ ಒಂದು ಮಾತು. ಇದನ್ನು ನೋಡಿದ ಒಬ್ಬ ಡಾಕ್ಟರು ಕಾಲುಗಳನ್ನು ಮಡಚಿ ಅಗಲಿಸಿ ಇಡುವ ಪಟ್ಟಿ, ಅಂದರೆ ಬ್ರೇಸ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ಮೂರು ವಾರ ಬಿಟ್ಟು ಮತ್ತೆ ನೋಡೋಣ ಎನ್ನುತ್ತಾರೆ. ತಂದೆ ತಾಯಿಗೆ ತಲೆ ಕೆಡುತ್ತದೆ. ಇಬ್ಬರಲ್ಲಿ ಒಬ್ಬರು ತಪ್ಪೇ ಇರಬೇಕು ಅಂತ ಅನ್ನಿಸುವುದು ಸಹಜ. ಆದರೆ ಈ ಅಂಕಿಗಳು ಎಲ್ಲಿಂದ ಬರುತ್ತವೆ, ಎಷ್ಟು ಗಟ್ಟಿ ಎಂದು ತಿಳಿದರೆ ಇಬ್ಬರ ಮಾತಿಗೂ ಕಾರಣ ಸಿಗುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಕೀಲು ಪೂರ್ತಿ ತಪ್ಪಿಹೋಗಿದ್ದರೆ, ಅಂದರೆ ತೊಡೆಮೂಳೆಯ ತಲೆ ತನ್ನ ಗುಳಿಯಿಂದ ಹೊರಗೇ ಕೂತಿದ್ದರೆ, ಇಲ್ಲಿ ಚರ್ಚೆಯೇ ಇಲ್ಲ. ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ಕೀಲು ಸರಿಯಾದ ಜಾಗದಲ್ಲೇ ಇದ್ದು, ಅದರ ಗುಳಿ ಮಾತ್ರ ಇನ್ನೂ ಆಳವಾಗದೆ ಇರುವ ಮಕ್ಕಳ ವಿಷಯದಲ್ಲೇ ಗೊಂದಲ ಇರುವುದು. ಸ್ಕ್ಯಾನ್‌ನಲ್ಲಿ ಏನಾದರೂ ಕೊರತೆ ಕಾಣುವ ಮಕ್ಕಳಲ್ಲಿ ಜಾಸ್ತಿ ಮಂದಿ ಈ ಗುಂಪಿಗೇ ಸೇರುತ್ತಾರೆ.

ಹುಟ್ಟಿದ ಮಗುವಿನ ಸೊಂಟದ ಕೀಲು ಬಹುಪಾಲು ಮೆದು ಎಲುಬು. ತೊಡೆಮೂಳೆಯ ತಲೆ ಇನ್ನೂ ಮೂಳೆಯಾಗಿರುವುದಿಲ್ಲ. ಹಾಗಾಗಿ ಎಕ್ಸ್-ರೇಯಲ್ಲಿ ಅದು ಕಾಣುವುದೇ ಇಲ್ಲ. ಅಲ್ಟ್ರಾಸೌಂಡ್‌ಗೆ ಮೆದು ಎಲುಬು ಅಡ್ಡಿಯಲ್ಲ. ತಲೆ, ಗುಳಿ, ಗುಳಿಯ ಅಂಚಿಗೆ ಸುತ್ತಿದ ಮೆದು ಪಟ್ಟಿಯಾದ ಲೇಬ್ರಮ್ ಎಲ್ಲವೂ ಅದರಲ್ಲಿ ಕಾಣುತ್ತವೆ. ಆಸ್ಟ್ರಿಯಾದ ಮೂಳೆ ತಜ್ಞ ರೈನ್‌ಹಾರ್ಡ್ ಗ್ರಾಫ್ 1980ರಲ್ಲಿ ಈ ಚಿತ್ರವನ್ನು ಅಳೆಯುವ ಒಂದು ಕ್ರಮವನ್ನು ಮುಂದಿಟ್ಟರು. ಈಗಲೂ ವರದಿಗಳಲ್ಲಿ ಕಾಣುವ ಆಲ್ಫಾ, ಬೀಟಾ, ಟೈಪ್ ಒಂದು, ಎರಡು ಎಲ್ಲವೂ ಅವರದೇ.

ಅಳತೆ ಹೀಗೆ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಸೊಂಟದ ಹೊರಬದಿಯಿಂದ ಪ್ರೋಬ್ ಇಡುತ್ತಾರೆ. ಪರದೆಯ ಮೇಲೆ ಗುಳಿಯ ಮೇಲಿರುವ ಸೊಂಟದ ಅಗಲ ಮೂಳೆ ಇಲಿಯಮ್‌ನ ಹೊರಗೋಡೆ ಒಂದು ನೇರವಾದ ಬಿಳಿ ಗೆರೆಯಾಗಿ ಕಾಣುತ್ತದೆ. ಅದರ ಗುಂಟ ಎಳೆಯುವುದು ಮೊದಲ ಗೆರೆ. ಇದನ್ನು ಬೇಸ್‌ಲೈನ್ ಎನ್ನುತ್ತಾರೆ. ಗುಳಿಯ ತಳದಲ್ಲಿರುವ ಇಲಿಯಮ್‌ನ ಕೆಳತುದಿಯಿಂದ ಮೂಳೆಯ ಚಾವಣಿಯನ್ನು ಸವರಿಕೊಂಡು ಮೇಲೆ ಹೋಗುವುದು ಎರಡನೇ ಗೆರೆ. ಈ ಎರಡರ ನಡುವಿನ ಕೋನವೇ ಆಲ್ಫಾ. ಚಾವಣಿ ತಲೆಯ ಮೇಲೆ ಚೆನ್ನಾಗಿ ಅಡ್ಡಕ್ಕೆ ಚಾಚಿದ್ದರೆ ಆಲ್ಫಾ ದೊಡ್ಡದು. ಚಾವಣಿ ಕಡಿದಾಗಿ ಜಾರಿದ್ದರೆ ಆಲ್ಫಾ ಚಿಕ್ಕದು. ಬೀಟಾ ಎಂಬುದು ಲೇಬ್ರಮ್ ಎಷ್ಟು ಮೇಲಕ್ಕೆ ತಳ್ಳಲ್ಪಟ್ಟಿದೆ ಎಂದು ಹೇಳುವ ಇನ್ನೊಂದು ಕೋನ. ನಮ್ಮ ಪ್ರಶ್ನೆಗೆ ಆಲ್ಫಾ ಮುಖ್ಯ.

ಆಲ್ಫಾ 60 ಅಥವಾ ಮೇಲಿದ್ದರೆ ಟೈಪ್ 1, ಅಂದರೆ ಬಲಿತ ಕೀಲು. 43ಕ್ಕಿಂತ ಕಡಿಮೆಯಾಗಿ ತಲೆ ಜಾಗ ಬಿಟ್ಟಿದ್ದರೆ ಟೈಪ್ 3 ಅಥವಾ 4. 43ರಿಂದ 49 ಇದ್ದರೆ ಗ್ರಾಫ್ ಲೆಕ್ಕದಲ್ಲಿ ಅದು ಅಪಾಯದ ಅಂಚು. ಉಳಿದದ್ದು 50ರಿಂದ 59. ಇಲ್ಲಿ ಒಂದೇ ಅಂಕಿಗೆ ವಯಸ್ಸಿನ ಮೇಲೆ ಬೇರೆ ಬೇರೆ ಅರ್ಥ. ಮೂರು ತಿಂಗಳೊಳಗಿನ ಮಗುವಿನಲ್ಲಿ 55 ಎಂದರೆ ಟೈಪ್ 2ಎ. ಇನ್ನೂ ಬಲಿಯುತ್ತಿರುವ ಕೀಲು ಎಂದು ಅರ್ಥ. ಮೂರು ತಿಂಗಳು ದಾಟಿದ ಮಗುವಿನಲ್ಲಿ ಅದೇ 55 ಟೈಪ್ 2ಬಿ ಆಗುತ್ತದೆ. ಬಲಿಯಬೇಕಾದ ಹೊತ್ತಿಗೆ ಬಲಿಯದ ಕೀಲು ಎಂದು ಅದರರ್ಥ. ಹಾಗಾಗಿ ಮಗುವಿನ ವಯಸ್ಸನ್ನು ವಾರಗಳಲ್ಲಿ ಬರೆಯದ ವರದಿಯಿಂದ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ.

ಗ್ರಾಫ್ ಇದಕ್ಕೆ ಒಂದು ಸರಳ ಗೆರೆ ಹಾಕಿಕೊಟ್ಟರು. ಹುಟ್ಟಿದಾಗ ಕನಿಷ್ಠ 50 ಡಿಗ್ರಿ, 12 ವಾರಕ್ಕೆ ಕನಿಷ್ಠ 60. ನಡುವೆ ಸಮವಾಗಿ ಏರಬೇಕು. ಅಂದರೆ ಆರನೇ ವಾರಕ್ಕೆ 55, ಒಂಬತ್ತನೇ ವಾರಕ್ಕೆ 57.5. ಆರು ವಾರದ ಹೊತ್ತಿಗೆ 55 ಮುಟ್ಟಿದ್ದರೆ 2ಎ ಪ್ಲಸ್, ಕಾಯಬಹುದು. ಮುಟ್ಟದಿದ್ದರೆ 2ಎ ಮೈನಸ್. ಗ್ರಾಫ್ ಕ್ರಮವನ್ನು ಚಾಚೂ ತಪ್ಪದೆ ಪಾಲಿಸುವವರು ಇಲ್ಲೇ ಬ್ರೇಸ್ ಶುರು ಮಾಡುತ್ತಾರೆ. ನಮ್ಮ 54 ಡಿಗ್ರಿ ಮಗುವಿಗೆ ಬ್ರೇಸ್ ಹೇಳಿದ ಡಾಕ್ಟರು ಈ ಲೆಕ್ಕದ ಪ್ರಕಾರ ಸರಿಯಾಗೇ ಹೇಳಿದ್ದಾರೆ.

ಎರಡನೇ ಅಂಕಿ ಕವರೇಜ್. ಅಮೆರಿಕದ ಮೋರಿನ್, ಹಾರ್ಕಿ ಮತ್ತು ಸಂಗಡಿಗರು 1985ರಲ್ಲಿ ಕೊಟ್ಟ ಕ್ರಮ ಇದು. ಅದೇ ಬೇಸ್‌ಲೈನನ್ನು ಕೆಳಕ್ಕೆ ಎಳೆದು ತಲೆಯ ಮೂಲಕ ಹಾಯಿಸುತ್ತಾರೆ. ಆ ಗೆರೆಯ ಒಳಬದಿಗೆ, ಗುಳಿಯೊಳಗೆ, ತಲೆಯ ಎಷ್ಟು ಭಾಗ ಇದೆ ಎಂದು ಅಳೆಯುತ್ತಾರೆ. ಅದನ್ನು ತಲೆಯ ಪೂರ್ತಿ ವ್ಯಾಸದಿಂದ ಭಾಗಿಸಿದರೆ ಕವರೇಜ್. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಮಾಧಾನ. 40ರಿಂದ 50 ಇದ್ದರೆ ಗಡಿ. ಅದಕ್ಕಿಂತ ಕೆಳಗೆ ಇಳಿದಂತೆಲ್ಲ ಚಿಂತೆ.

ಆಲ್ಫಾ ಹೇಳುವುದು ಚಾವಣಿಯ ಇಳಿಜಾರನ್ನು. ಕವರೇಜ್ ಹೇಳುವುದು ಆ ಚಾವಣಿಯ ಕೆಳಗೆ ತಲೆ ಎಲ್ಲಿ ಕೂತಿದೆ ಎಂಬುದನ್ನು. ಚಾವಣಿ ಪರವಾಗಿಲ್ಲ, ಆದರೆ ಕಟ್ಟು ಸಡಿಲವಾಗಿ ತಲೆ ಹೊರಗೆ ಸರಿದಿದೆ ಎಂಬ ಮಗುವಿನಲ್ಲಿ ಆಲ್ಫಾ ಚೆನ್ನಾಗಿದ್ದು ಕವರೇಜ್ ಕಡಿಮೆ ಬರಬಹುದು. ಅದಕ್ಕೇ ಎರಡನ್ನೂ ನೋಡುವುದು.

ಆದರೆ ಈ ಎರಡನ್ನು ಎರಡು ಬೇರೆ ಬೇರೆ ಸಾಕ್ಷಿ ಎಂದುಕೊಂಡರೆ ಮೋಸ ಹೋಗುತ್ತೇವೆ. ಎರಡೂ ನಿಂತಿರುವುದು ಒಂದೇ ಬೇಸ್‌ಲೈನ್ ಮೇಲೆ. ಆ ಗೆರೆಯ ಕೆಳತುದಿ ಒಂಚೂರು ಒಳಕ್ಕೆ ವಾಲಿದರೆ ಆಲ್ಫಾ ಇಳಿಯುತ್ತದೆ, ಜೊತೆಗೇ ಕವರೇಜೂ ಇಳಿಯುತ್ತದೆ. ಹೊರಕ್ಕೆ ವಾಲಿದರೆ ಎರಡೂ ಏರುತ್ತವೆ. ‘ಎರಡು ಅಳತೆಯೂ ಕಡಿಮೆ ಬಂದಿದೆ, ಹಾಗಾಗಿ ಖಚಿತ’ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ತಪ್ಪು ಒಂದೇ ಗೆರೆಯಲ್ಲಿದ್ದರೆ ಎರಡು ಅಂಕಿಗಳು ಸೇರಿಕೊಂಡೇ ದಾರಿ ತಪ್ಪಿಸುತ್ತವೆ. ಹೀಗಾಗಿ ವರದಿಯ ಅಂಕಿಗಿಂತ ಮೊದಲು ಚಿತ್ರವನ್ನು ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕವರೇಜ್ ಎಷ್ಟು ಸೂಕ್ಷ್ಮ ಎಂದು ಲೆಕ್ಕ ಹಾಕಿ ನೋಡೋಣ. ಈ ಮಗುವಿನ ತೊಡೆಮೂಳೆಯ ತಲೆಯ ವ್ಯಾಸ 16 ಮಿಲಿಮೀಟರ್. ಗೆರೆಯ ಒಳಗೆ ಇರುವುದು 7 ಮಿಲಿಮೀಟರ್. ಏಳನ್ನು ಹದಿನಾರರಿಂದ ಭಾಗಿಸಿದರೆ 44 ಪರ್ಸೆಂಟ್. ಇನ್ನೊಂದು ಮಿಲಿಮೀಟರ್ ಒಳಗೆ ಇದ್ದಿದ್ದರೆ 8 ಭಾಗ 16, ಅಂದರೆ ಸರಿಯಾಗಿ 50. ಗಡಿಗೂ ಸಮಾಧಾನಕ್ಕೂ ನಡುವೆ ಇರುವುದು ಒಂದೇ ಒಂದು ಮಿಲಿಮೀಟರ್. ಮಗು ಅಳುತ್ತಾ ಕಾಲು ಒದೆಯುತ್ತಿರುವಾಗ, ಪರದೆಯ ಮೇಲೆ ಕರ್ಸರ್ ಇಡುವ ಕೈ ಅಷ್ಟು ಆಚೀಚೆ ಆಗುವುದು ದೊಡ್ಡ ಮಾತಲ್ಲ. ಆಲ್ಫಾದ ಕಥೆಯೂ ಹೀಗೇ. ಒಂದೇ ಮಗುವನ್ನು ಇಬ್ಬರು ಅನುಭವಸ್ಥರು ಅಳೆದರೂ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಬರುವುದುಂಟು. 54 ಮತ್ತು 55ರ ನಡುವೆ ಪ್ಲಸ್-ಮೈನಸ್ ಗಡಿ ಇದೆ ಎಂದಾಗ ಈ ಮಾತು ನೆನಪಿರಬೇಕು.

ಹಾಗಾದರೆ ಚಿತ್ರ ಸರಿ ಇದೆ ಎಂದು ತಿಳಿಯುವುದು ಹೇಗೆ? ಗ್ರಾಫ್ ಮೂರು ಗುರುತುಗಳನ್ನು ಕೊಟ್ಟಿದ್ದಾರೆ. ಗುಳಿಯ ತಳದಲ್ಲಿ ಇಲಿಯಮ್‌ನ ಕೆಳತುದಿ ಸ್ಪಷ್ಟವಾಗಿ ಕಾಣಬೇಕು. ಇಲಿಯಮ್‌ನ ಹೊರಗೋಡೆ ನೇರ ಗೆರೆಯಾಗಿರಬೇಕು, ಬಾಗಿರಬಾರದು. ಲೇಬ್ರಮ್ ಕಾಣಬೇಕು. ಕೆಳತುದಿ ಮಸುಕಾಗಿದ್ದರೆ ಆ ಚಿತ್ರ ಗುಳಿಯ ಮಧ್ಯದ್ದಲ್ಲ. ಹೊರಗೋಡೆ ಬಾಗಿದ್ದರೆ ಪ್ರೋಬ್ ಮುಂದಕ್ಕೋ ಹಿಂದಕ್ಕೋ ಸರಿದಿದೆ. ಅಂಥ ಚಿತ್ರವನ್ನು ಅಳೆಯಲೇಬಾರದು. ತಲೆ ಜಾಗ ತಪ್ಪಿದ ಕೀಲು ಮಾತ್ರ ಇದಕ್ಕೆ ಹೊರತು. ಅಲ್ಲಿ ಈ ಗುರುತುಗಳು ಒಂದೇ ಸಮತಲದಲ್ಲಿ ಸಿಗದೇ ಹೋಗಬಹುದು.

ಇನ್ನೊಂದು ತಪ್ಪು ಮೋಸದ್ದು. ಪ್ರೋಬನ್ನು ಓರೆ ಹಿಡಿದರೆ ಚೆನ್ನಾಗಿರುವ ಕೀಲೂ ಗುಳಿ ಬಲಿಯದ ಕೀಲಿನಂತೆ ಕಾಣುತ್ತದೆ. ಅದಕ್ಕೇ ಗ್ರಾಫ್ ಕ್ರಮದಲ್ಲಿ ಮಗುವನ್ನು ಮಲಗಿಸಲು ಒಂದು ತೊಟ್ಟಿಲಿನಂಥ ಆಸರೆ, ಪ್ರೋಬ್ ಅಲುಗದಂತೆ ಹಿಡಿಯಲು ಒಂದು ಚೌಕಟ್ಟು ಇರುತ್ತದೆ. ಸುಮ್ನೆ ಅನುಕೂಲಕ್ಕೆ ಇಟ್ಟದ್ದಲ್ಲ ಅದು. ಕೈಯಲ್ಲಿ ಹಿಡಿದೇ ಮಾಡುವವರೂ ಇದ್ದಾರೆ, ಚೆನ್ನಾಗಿಯೂ ಮಾಡುತ್ತಾರೆ. ಆಗ ಒಂದೇ ಚಿತ್ರವನ್ನು ನಂಬಬಾರದು ಅಷ್ಟೇ. ಪ್ರೋಬ್ ತೆಗೆದು, ಮತ್ತೆ ಇಟ್ಟು, ಹೊಸದಾಗಿ ಅಳೆಯಬೇಕು.

ಅಂಕಿ ಹೇಳದ ಒಂದು ವಿಷಯವೂ ಇದೆ: ಕೀಲು ಗಟ್ಟಿಯಾಗಿದೆಯೇ, ಜಾರುತ್ತದೆಯೇ? ಇದಕ್ಕೆ ಸ್ಕ್ಯಾನ್ ನೋಡುತ್ತಲೇ ಮಗುವಿನ ತೊಡೆಯನ್ನು ಮಡಚಿ, ಮೆಲ್ಲಗೆ ಹಿಂದಕ್ಕೆ ಒತ್ತುತ್ತಾರೆ. ತಲೆ ಅಲ್ಲೇ ನಿಂತರೆ ಸ್ಥಿರ. ಸರಿದು ಮತ್ತೆ ಕೂತರೆ ಸಡಿಲ. ಹೊರಗೇ ಹೋದರೆ ಅಸ್ಥಿರ. ಮೊದಲ ವಾರಗಳಲ್ಲಿ ಸ್ವಲ್ಪ ಸಡಿಲ ಇರುವುದು ಸಹಜ. ಅದು ತಾನೇ ಬಿಗಿಯಾಗುತ್ತದೆ. ಹುಟ್ಟಿದ ಎರಡು ಮೂರು ದಿನಕ್ಕೇ ಎಲ್ಲ ಮಕ್ಕಳಿಗೂ ಸ್ಕ್ಯಾನ್ ಮಾಡಿದರೆ ಸುಮಾರು ಮಕ್ಕಳು ಅನುಮಾನದ ಪಟ್ಟಿಗೆ ಸೇರುವುದು ಇದರಿಂದಲೇ. ಕೈಯಿಂದ ಪರೀಕ್ಷಿಸಿದಾಗ ಕೀಲು ಜಾರದ ಮಕ್ಕಳಿಗೆ ನಾಲ್ಕರಿಂದ ಆರನೇ ವಾರದಲ್ಲಿ ಸ್ಕ್ಯಾನ್ ಮಾಡುವ ರೂಢಿ ಬಂದದ್ದೂ ಹೀಗೆ.

ಯಾರಿಗೆ ಸ್ಕ್ಯಾನ್ ಎಂಬಲ್ಲೂ ದೇಶಗಳು ಒಂದೇ ದಾರಿ ಹಿಡಿದಿಲ್ಲ. ಆಸ್ಟ್ರಿಯಾ, ಜರ್ಮನಿಗಳಲ್ಲಿ ಎಲ್ಲ ಮಕ್ಕಳಿಗೂ ಮಾಡುತ್ತಾರೆ. ಬ್ರಿಟನ್, ಅಮೆರಿಕಗಳಲ್ಲಿ ಕೈಪರೀಕ್ಷೆಯಲ್ಲಿ ಅನುಮಾನ ಬಂದವರಿಗೆ, ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿ ಇದ್ದ ಮಕ್ಕಳಿಗೆ, ಮನೆಯಲ್ಲಿ ಈ ತೊಂದರೆ ಇದ್ದವರಿಗೆ ಮಾಡುತ್ತಾರೆ. ಎಲ್ಲರಿಗೂ ಮಾಡಿದರೆ ತಪ್ಪಿಹೋಗುವ ಮಕ್ಕಳು ಕಡಿಮೆ. ಆದರೆ 54, 56 ಎಂಬ ಅಂಕಿ ಹಿಡಿದು ಬರುವ ಮಕ್ಕಳು ಜಾಸ್ತಿ. ಅವರೆಲ್ಲರಿಗೂ ಬ್ರೇಸ್ ಹಾಕಿದರೆ, ತಾನೇ ಸರಿಹೋಗುತ್ತಿದ್ದ ಎಷ್ಟೋ ಕೀಲುಗಳಿಗೆ ಸುಮ್ಮನೆ ಪಟ್ಟಿ ಬಿಗಿದಂತೆ.

ಕಾದರೆ ಏನಾಗುತ್ತದೆ ಎಂಬುದಕ್ಕೆ ನಾರ್ವೆಯ ಬರ್ಗೆನ್‌ನಲ್ಲಿ ರೋಸೆಂಡಾಲ್ ಮತ್ತು ಸಂಗಡಿಗರು ಮಾಡಿದ, 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಆಲ್ಫಾ 43ರಿಂದ 49 ಇದ್ದ, ಕೀಲು ಪೂರ್ತಿ ತಪ್ಪದ 128 ನವಜಾತ ಮಕ್ಕಳನ್ನು ಅವರು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಕ್ಷಣ ಬ್ರೇಸ್. ಇನ್ನೊಂದು ಗುಂಪಿಗೆ ಆಗಾಗ ಸ್ಕ್ಯಾನ್ ಮಾತ್ರ, ಬಲಿಯದಿದ್ದರೆ ಆಮೇಲೆ ಬ್ರೇಸ್. ಒಂದು ವರ್ಷಕ್ಕೆ ಎಕ್ಸ್-ರೇ ತೆಗೆದಾಗ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕಾದ ಗುಂಪಿನಲ್ಲಿ ಕೊನೆಗೆ ಬ್ರೇಸ್ ಬೇಕಾದದ್ದು 47 ಪರ್ಸೆಂಟ್ ಮಕ್ಕಳಿಗೆ. ಅಂದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬ್ರೇಸ್ ಇಲ್ಲದೆ ಸರಿಹೋದರು. ನಮ್ಮ 54 ಡಿಗ್ರಿ ಮಗುವಿಗಿಂತ ಕಡಿದಾದ ಚಾವಣಿಯ ಮಕ್ಕಳು ಇವರು ಎಂಬುದನ್ನು ಗಮನಿಸಿ. ಆದರೆ ಇವರು ಹುಟ್ಟಿದ ಹೊಸತರಲ್ಲಿ ಅಳೆದ ಮಕ್ಕಳು, ನಮ್ಮದು ಆರು ವಾರ ದಾಟಿದ ಮಗು. ಬಲಿಯಲು ಅವರ ಮುಂದೆ ಹೆಚ್ಚು ಸಮಯವಿತ್ತು. ಆದ್ದರಿಂದ ಆ ಫಲಿತಾಂಶವನ್ನು ಇಲ್ಲಿಗೆ ಹಾಗೇ ತಂದು ಅಂಟಿಸಲಾಗದು. ಇನ್ನೊಂದು ಮಾತು. ಕಾದ ಆ ಗುಂಪಿನಲ್ಲಿ ಸುಮಾರು ಅರ್ಧ ಮಕ್ಕಳಿಗೆ ಬ್ರೇಸ್ ಬೇಕಾಯಿತಲ್ವಾ? ಅವರನ್ನು ಹಿಡಿದದ್ದು ಮತ್ತೆ ಮತ್ತೆ ಮಾಡಿದ ಸ್ಕ್ಯಾನ್. ಕಾಯುವುದೆಂದರೆ ಮನೆಗೆ ಕಳಿಸಿ ಮರೆಯುವುದಲ್ಲ.

ಈಗ ನಮ್ಮ ಮಗುವಿನ ವಿಷಯಕ್ಕೆ ಬರೋಣ. ಇದು ವಿವರಿಸಲೆಂದು ನಾನು ಕಟ್ಟಿದ ಉದಾಹರಣೆ. ಹೆಣ್ಣು ಮಗು, ಚೊಚ್ಚಲು, ಕುಂಡೆ ಕೆಳಗಾಗಿ ಇದ್ದದ್ದು, ದಿನ ತುಂಬಿ ಹುಟ್ಟಿದ್ದು. ಕೈಪರೀಕ್ಷೆಯಲ್ಲಿ ಏನೂ ಇಲ್ಲ. ಆರು ವಾರಕ್ಕೆ ಬಲಗಡೆ ಆಲ್ಫಾ 63, ಕವರೇಜ್ 56. ಎಡಗಡೆ 54 ಮತ್ತು 44. ಒತ್ತಿ ನೋಡಿದಾಗ ಎಡಕೀಲು ಅಲುಗಲಿಲ್ಲ.

ಮೊದಲ ಕೆಲಸ ಚಿತ್ರ ನೋಡುವುದು. ಮೊದಲ ಚಿತ್ರದಲ್ಲಿ ಇಲಿಯಮ್‌ನ ಕೆಳತುದಿ ಮಸುಕಾಗಿದೆ. ಹಾಗಾಗಿ ಅದನ್ನು ಬಿಟ್ಟು, ಮಗುವಿಗೆ ಹಾಲು ಕುಡಿಸಿ, ಸುಮ್ಮನಾದ ಮೇಲೆ ಹೊಸದಾಗಿ ಮೂರು ಚಿತ್ರ ತೆಗೆಯುತ್ತಾರೆ. ಆಲ್ಫಾ 53, 54, 55 ಬರುತ್ತದೆ. ಅಂದರೆ 54 ಎಂಬುದು ಕೈತಪ್ಪಲ್ಲ. ಚಾವಣಿ ನಿಜಕ್ಕೂ ಸ್ವಲ್ಪ ಹಿಂದೆ ಬಿದ್ದಿದೆ. ಆದರೆ ಎಷ್ಟು ಹಿಂದೆ? ಗ್ರಾಫ್ ಗೆರೆಗಿಂತ ಒಂದು ಡಿಗ್ರಿ. ಕೀಲು ಸ್ಥಿರ. ವಯಸ್ಸು ಆರೇ ವಾರ. ಇಂಥ ಮಗುವಿಗೆ ಮೂರು ವಾರ ಕೊಡುವುದರಲ್ಲಿ ಕಳೆದುಕೊಳ್ಳುವುದು ತೀರಾ ಕಡಿಮೆ ಎಂಬುದು ನನ್ನ ನಿಲುವು. ಒಂಬತ್ತನೇ ವಾರದಲ್ಲಿ ಶುರು ಮಾಡಿದರೂ ಬ್ರೇಸ್ ಚೆನ್ನಾಗೇ ಕೆಲಸ ಮಾಡುತ್ತದೆ. ಅದೇ ಮಗುವಿನ ಕೀಲು ಒತ್ತಿದಾಗ ಸರಿದಿದ್ದರೆ, ಅಥವಾ ಆಲ್ಫಾ 48 ಇದ್ದಿದ್ದರೆ, ನಾನು ಈ ಮಾತು ಹೇಳುತ್ತಿರಲಿಲ್ಲ. ಮತ್ತೆ ಬರುತ್ತಾರೋ ಇಲ್ಲವೋ ಎಂಬ ಅನುಮಾನ ಇರುವ ಕುಟುಂಬಕ್ಕೂ ಹೇಳುತ್ತಿರಲಿಲ್ಲ. ದಾರಿ ದೂರ, ರಜೆ ಸಿಗುವುದಿಲ್ಲ, ಇವೆಲ್ಲ ನಿಜವಾದ ಕಾರಣಗಳು. ಅಂಥವರಿಗೆ ಈಗಲೇ ಬ್ರೇಸ್ ಹಾಕುವುದು ಒಳ್ಳೆಯ ವೈದ್ಯವೇ.

ಒಂಬತ್ತನೇ ವಾರಕ್ಕೆ ಎರಡು ದಾರಿ. ಆಲ್ಫಾ 58, ತಲೆಯ ವ್ಯಾಸ 17 ಮಿಲಿಮೀಟರ್, ಒಳಗೆ 8.5, ಕವರೇಜ್ 50 ಎಂದು ಬಂತು ಎಂದುಕೊಳ್ಳಿ. ಮೂರು ವಾರದಲ್ಲಿ ನಾಲ್ಕು ಡಿಗ್ರಿ ಏರಿದೆ, ಗೆರೆಯ 57.5ನ್ನೂ ದಾಟಿದೆ. ಬ್ರೇಸ್ ಬೇಡ, 12ನೇ ವಾರಕ್ಕೆ ಮತ್ತೆ ನೋಡಿ 60 ಮುಟ್ಟಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಇನ್ನೊಂದು ದಾರಿಯಲ್ಲಿ ಆಲ್ಫಾ ಮತ್ತೆ 54, ಕವರೇಜ್ 43. ಅಂಕಿ ಹೋದ ಸಲದಷ್ಟೇ ಇದೆ, ಕೆಟ್ಟಿಲ್ಲವಲ್ಲ ಎಂದು ಅನ್ನಿಸಬಹುದು. ಆದರೆ ಗೆರೆ ಮುಂದೆ ಹೋಗಿದೆ. ಆಗ ಒಂದು ಡಿಗ್ರಿ ಕೊರತೆ ಇತ್ತು, ಈಗ ಮೂರೂವರೆ. ಬಲಿಯುವ ಕೆಲಸ ನಿಂತಿದೆ. ಇನ್ನು ಕಾಯಬಾರದು.

ಈ ಮೂರು ವಾರ ಮನೆಯಲ್ಲಿ ಮಾಡಬೇಕಾದದ್ದು ಒಂದೇ. ಕಾಲುಗಳನ್ನು ನೇರಕ್ಕೆ ಜೋಡಿಸಿ ಬಿಗಿಯಾಗಿ ಸುತ್ತಬಾರದು. ಮಂಡಿ ಮಡಚಿ ಅಗಲಿಸಲು ಜಾಗ ಇರಬೇಕು. ಎರಡು ಡಯಾಪರ್ ಹಾಕಿದರೆ ಕೀಲು ಸರಿಹೋಗುತ್ತದೆ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಅದರಿಂದ ಪ್ರಯೋಜನ ಇದೆ ಎಂಬುದಕ್ಕೆ ಆಧಾರವಿಲ್ಲ. ಚಿಕಿತ್ಸೆ ನಡೆಯುತ್ತಿದೆ ಎಂಬ ಸುಳ್ಳು ಧೈರ್ಯ ಮಾತ್ರ ಬರುತ್ತದೆ.

ಬ್ರೇಸ್ ಎಂದರೆ ಹೆಚ್ಚಾಗಿ ಪಾವ್ಲಿಕ್ ಹಾರ್ನೆಸ್. ಚೆಕ್ ವೈದ್ಯ ಆರ್ನಾಲ್ಡ್ ಪಾವ್ಲಿಕ್ ರೂಪಿಸಿದ ಮೆತ್ತನೆಯ ಪಟ್ಟಿಗಳ ಜೋಡಣೆ ಅದು. ತೊಡೆ ಸುಮಾರು 90ರಿಂದ 100 ಡಿಗ್ರಿ ಮಡಚಿರುತ್ತದೆ, ಕಾಲು ತನ್ನ ಭಾರಕ್ಕೇ ಹೊರಕ್ಕೆ ಬೀಳುತ್ತದೆ. ತಲೆ ಗುಳಿಯ ನಡುವೆ ಕೂತು, ಅಲ್ಲೇ ಅಲುಗಾಡುತ್ತಿದ್ದರೆ ಗುಳಿ ಅದರ ಸುತ್ತ ಆಳವಾಗುತ್ತದೆ. ಹಾಗಾಗಿ ಮಗು ಹಾರ್ನೆಸ್ ಒಳಗೇ ಕಾಲಾಡಿಸುವುದು ಒಳ್ಳೆಯದೇ. ಮುಂಭಾಗದ ಪಟ್ಟಿ ಜಾಸ್ತಿ ಎಳೆದು ತೊಡೆ ಅತಿಯಾಗಿ ಮಡಚಿದರೆ ತೊಡೆಯ ಮುಂದಿನ ನರ ಒತ್ತಿಹೋಗುತ್ತದೆ. ಆಗ ಮಗು ಆ ಕಡೆಯ ಮಂಡಿಯನ್ನು ಚಾಚಿ ಒದೆಯುವುದನ್ನು ನಿಲ್ಲಿಸುತ್ತದೆ. ತಾಯಿಗೇ ಮೊದಲು ಗೊತ್ತಾಗುವ ಸುಳಿವು ಇದು. ಅವತ್ತೇ ಫೋನ್ ಮಾಡಬೇಕು. ಕಾಲನ್ನು ಬಲವಂತವಾಗಿ ಅಗಲಿಸಿದರೆ ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ಕಡಿಮೆಯಾಗಿ ಮೂಳೆಗೆ ಪೆಟ್ಟು ಬೀಳಬಹುದು. ಸ್ಥಿರವಾದ ಕೀಲಿನಲ್ಲಿ ಇದು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೇಡದ ಮಗುವಿಗೆ ಬ್ರೇಸ್ ಹಾಕಬಾರದು ಎನ್ನುವುದಕ್ಕೆ ದೊಡ್ಡ ಕಾರಣ ಇದೇ.

ಹಾರ್ನೆಸ್ ಹಾಕಿದ ಮೇಲೂ ಅದೇ ಅಂಕಿಗಳು ದಾರಿ ತೋರಿಸುತ್ತವೆ. ಮಗು ಬೆಳೆಯುತ್ತದೆ, ಪಟ್ಟಿ ಸಡಿಲಿಸಬೇಕು. ಹಾಗಾಗಿ ವಾರ ಎರಡು ವಾರಕ್ಕೊಮ್ಮೆ ತೋರಿಸುತ್ತಲೇ ಇರಬೇಕು. ಆಲ್ಫಾ 60 ದಾಟಿ ಕವರೇಜ್ ಅರ್ಧ ಮುಟ್ಟಿದಾಗ ಬಿಡಿಸುವ ಮಾತು ಬರುತ್ತದೆ. ಇದಕ್ಕೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಪೂರ್ತಿ ತಪ್ಪಿದ ಕೀಲಿಗೆ ಹಾಕಿದ್ದು, ಮೂರು ನಾಲ್ಕು ವಾರವಾದರೂ ತಲೆ ಒಳಗೆ ಕೂರದಿದ್ದರೆ ಮುಂದುವರಿಸುವುದೇ ತಪ್ಪು. ಹೊರಗೇ ನಿಂತ ತಲೆ ಗುಳಿಯ ಹಿಂಬದಿಯನ್ನು ತಿಕ್ಕಿ ಹಾಳುಮಾಡುತ್ತದೆ.

ಆರನೇ ತಿಂಗಳ ಹತ್ತಿರ ತೊಡೆಮೂಳೆಯ ತಲೆಯಲ್ಲಿ ಮೂಳೆಯ ಕಣ ಮೂಡಿರುತ್ತದೆ. ಅದರ ನೆರಳಿನಿಂದ ಅಲ್ಟ್ರಾಸೌಂಡ್‌ನಲ್ಲಿ ಗುಳಿಯ ತಳ ಕಾಣುವುದು ಕಷ್ಟ, ಎಕ್ಸ್-ರೇ ಆಗ ಜಾಸ್ತಿ ಹೇಳುತ್ತದೆ. ಬ್ರೇಸ್ ಹಾಕಿಸಿಕೊಂಡ ಮಗುವಿಗೂ, ಗಡಿಯಲ್ಲಿದ್ದು ತಾನೇ 60 ಮುಟ್ಟಿದ ಮಗುವಿಗೂ ಆ ಹೊತ್ತಿಗೆ ಒಂದು ಎಕ್ಸ್-ರೇ ಬೇಕು. ಮೂರು ತಿಂಗಳಿಗೆ ಚೆನ್ನಾಗಿ ಕಂಡ ಗುಳಿ ಕೆಲವು ಮಕ್ಕಳಲ್ಲಿ ಆಮೇಲೆ ಮತ್ತೆ ಹಿಂದೆ ಬೀಳುತ್ತದೆ. ಅದನ್ನು ಹೊರಗಿನಿಂದ ನೋಡಿ ಯಾರೂ ಹೇಳಲಾರರು.